ಬಳೆಯ ಒಳಮೈಯ ಮೂರು ಅಂಕಿ

ದೂರನ್ನು ಬರೆದವಳು ನಾನೇ. ಕಾನ್ವೆಂಟಿನಲ್ಲಿ ಕಲಿತ ದುಂಡು ಅಕ್ಷರದಲ್ಲಿ, ಒಂದೂ ಚಿತ್ತಿಲ್ಲದೆ: ‘ಬಳೆಯ ಒಳಮೈಯಲ್ಲಿ, ತಿರುಪಿನ ಬಲಕ್ಕೆ, 916 ಎಂಬ ಮುದ್ರೆ ಇದೆ.’ ಇಷ್ಟು ಸಣ್ಣದನ್ನೂ ಗಮನಿಸಿದ್ದೀನಲ್ಲ ಎಂದು ಒಳಗೊಳಗೇ ಹಿಗ್ಗಿದ್ದೆ.

ಕೊಲ್ಲಿ ದೇಶದಲ್ಲಿದ್ದ ಅಣ್ಣ ತಂದುಕೊಟ್ಟ ಜೋಡಿ ಅದು. ಆಗ ನಾವು ವಾಡಿ ಊರಿನಲ್ಲಿದ್ದೆವು. ಬಚ್ಚಲಿಗೆ ಹೋಗುವಾಗ ಎರಡನ್ನೂ ಬಿಚ್ಚಿ ಕಿಟಕಿಯಲ್ಲಿಟ್ಟಿದ್ದೆ. ಬಂದಾಗ ಒಂದೇ ಇತ್ತು. ಪಾತ್ರೆ ತಿಕ್ಕುವವಳು ಸೇಡಂ ಹತ್ತಿರದ ಕುರಕುಂಟಾದವಳು. ಆ ವಾರವೇ ಊರಿಗೆ ಹೋಗಿ ಬಂದಿದ್ದಳು. ಅತ್ತೆಗೆ ಅಷ್ಟೇ ಸಾಕಾಯಿತು, ಠಾಣೆಯಲ್ಲಿ ಅವಳ ಹೆಸರು ಹೇಳಿಬಿಟ್ಟರು. ನಾನು ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ.

ಹತ್ತು ದಿನದ ಮೇಲೆ ಠಾಣೆಯಿಂದ ಕರೆ ಬಂತು. ಸೇಡಂನ ಗಿರವಿ ಅಂಗಡಿಯೊಂದರಲ್ಲಿ ಸಿಕ್ಕ ಬಳೆಯ ಫೋಟೊ ಬಂದಿದೆ, ಗುರುತು ಹಿಡಿಯಬೇಕು ಎಂದು. ನಾನು, ಅತ್ತೆ ಹೋದೆವು. ಪಾತ್ರೆಯವಳು ಬೆಳಿಗ್ಗೆಯಿಂದ ಅಲ್ಲೇ ನೆಲದ ಮೇಲೆ ಕುಂತಿದ್ದಳು. ಅವಳ ಮುಂಗೈಗೆ ಒಣಗಿದ ಬೂದಿ ಹಾಗೇ ಅಂಟಿತ್ತು. ಯಾರದೋ ಮನೆಯ ಪಾತ್ರೆಗಳ ನಡುವಿಂದಲೇ ಎಬ್ಬಿಸಿ ತಂದಿದ್ದರು.

ಜಮಾದಾರರು ಅಂಗೈಯಗಲದ ಕಪ್ಪು-ಬಿಳುಪು ಫೋಟೊ ಮುಂದಿಟ್ಟರು. ಬಳೆಯನ್ನು ವಾಲಿಸಿ ನಿಲ್ಲಿಸಿ ತೆಗೆದಿದ್ದರಿಂದ ಹಿಂದಿನ ಒಳಮೈ ಕಾಣುತ್ತಿತ್ತು. ತಿರುಪು, ಅದರ ಬಲಕ್ಕೆ ಮೂರು ಸಣ್ಣ ಅಂಕಿ.

“ನೀವು ಬರದಂಗೇ ಐತಿ ನೋಡ್ರಿ ಬಾಯಿಯವ್ರ. ತಿರುಪಿನ ಬಲಕ್ಕ, ಒಂಬತ್ತು ಒಂದು ಆರು. ಒಂದು ಸಹಿ ಹಾಕ್ರಿ, ಮುಂದಿಂದು ನಾವು ನೋಡ್ಕೋತೀವಿ,” ಅಂದರು. ಮುಂದಿನದು ಏನೆಂದು ಕೇಳುವ ಧೈರ್ಯ ನನಗಿರಲಿಲ್ಲ. ಮೇಜಿನ ಮೇಲಿನ ಲಾಠಿ ನೋಡಿದೆ.

“ಹಾಕವಾ, ಏನ್ ನೋಡಾಕತ್ತೀದಿ?” ಅಂದರು ಅತ್ತೆ.

ಪೆನ್ನು ತೆಗೆದುಕೊಳ್ಳಲು ಹೋಗಿ ಫೋಟೊ ಕೈಜಾರಿ ಬಿತ್ತು. ಎತ್ತಿಕೊಂಡಾಗ ಅದು ತಲೆಕೆಳಗಾಗಿತ್ತು. ಆದರೂ ಓದಿದರೆ 916 ಎಂದೇ ಇತ್ತು! ಒಂಬತ್ತು ಆರಾಗಿತ್ತು, ಆರು ಒಂಬತ್ತಾಗಿತ್ತು, ಒಂದು ಒಂದೇ. ಈಗ ತಿರುಪು ಮಾತ್ರ ಬಲಕ್ಕೆ ಬಂದು, ಅಂಕಿ ಎಡಕ್ಕೆ ಹೋಗಿತ್ತು. ನಾನು ಬರೆದ ಬಲ ಅನ್ನುವುದಕ್ಕೆ ಅರ್ಥವೇ ಇರಲಿಲ್ಲ. ಈ ಮುದ್ರೆಯ ಯಾವ ಬಳೆಯಾದರೂ ಒಮ್ಮೆ ತಿರುಗಿಸಿ ಹಿಡಿದರೆ ನನ್ನ ದೂರಿಗೆ ಹೊಂದುತ್ತಿತ್ತು.

“ಜಮಾದಾರ್ರ, ಈ ಅಂಕಿ... ತಲಿಕೆಳಗ ಹಿಡಿದ್ರೂ ಹಂಗೇ ಕಾಣ್ತೈತ್ರಿ,” ಅಂದೆ. ಅವರು ಫೋಟೊ ಕಸಿದು ತಿರುಗಿಸಿದರು, ಮತ್ತೆ ತಿರುಗಿಸಿದರು. “ಹಂಗಾರ ಪತ್ತಾರನ್ನ ಕರೀರಿ,” ಎಂದು ಗೊಣಗಿದರು.

ಅಕ್ಕಸಾಲಿ ಪತ್ತಾರರು ಭೂತಗನ್ನಡಿ ತಂದರು. “ಈ ಅಂಕಿ ಬಂಗಾರದ ಕಸ, ಅಂದ್ರ ಅದು ಎಷ್ಟು ಚೊಕ್ಕ ಅದ ಅನ್ನೂದು ಹೇಳ್ತದ್ರಿ. ಸಾವಿರ ಪಾಲಿನಾಗ ಒಂಬೈನೂರ ಹದಿನಾರು ಬಂಗಾರ, ಅಂದ್ರ ಇಪ್ಪತ್ತೆರಡು ಕ್ಯಾರೆಟ್. ಆ ಕಸದ ಬಳಿಗಳು ಕೊಲ್ಲಿ ದೇಶದಿಂದ ಸಾವಿರ ಬಂದಿರ್ತಾವ, ಎಲ್ಲಾದಕ್ಕೂ ಇದೇ ಅಂಕಿ. ಮಾಲೀಕನ ಹೆಸರಲ್ಲ ಅದು. ಮುದ್ರಿ ಒಳಗ ಹೊಡೀತಾರ. ಹೊರಗಿದ್ರ ಸವೀತದ, ಚಂದಾನೂ ಕೆಡ್ತದ. ಅಂಕಿ ಮಗ್ಗಲಕ್ಕ ಮಾಡಿದವನ ಗುರುತು ಇರಬೇಕಲ್ಲ? ನಿಮ್ದರಾಗ ಏನಿತ್ತು?”

ನನಗೆ ನೆನಪಾಗಲಿಲ್ಲ. ಏನೋ ಇತ್ತು. ಬರೀ ಅಲಂಕಾರ ಅಂದುಕೊಂಡು ದೂರಿನಲ್ಲಿ ಬಿಟ್ಟಿದ್ದೆ.

“ಜೋಡಿಂದು ಇನ್ನೊಂದು ಮನ್ಯಾಗ ಐತಿ,” ಅಂದರು ಅತ್ತೆಯೇ. ಅವರ ದನಿ ಮೆತ್ತಗಾಗಿತ್ತು.

ಮನೆಗೆ ಓಡಿದೆ. ಬಳೆ ಹಿಡಿದು ಬರುವಾಗ ನೋಡುವ ಧೈರ್ಯವಾಗದೆ ಮುಷ್ಟಿ ಬಿಗಿದೇ ಇದ್ದೆ. ಪತ್ತಾರರು ಕಿಟಕಿಯ ಬೆಳಕಿಗೆ ಹಿಡಿದರು. 916ರ ಪಕ್ಕ, ಎಳ್ಳಿನ ಕಾಳಷ್ಟು ಸಣ್ಣದಾಗಿ, ಒಂದು ಖರ್ಜೂರದ ಗಿಡ. ಆಮೇಲೆ ಗಾಜನ್ನು ಫೋಟೊದ ಮೇಲಿಟ್ಟು ಭಾಳ ಹೊತ್ತು ಬಗ್ಗಿದ್ದರು.

“ಇಲ್ಲಿ ಎರಡು ಇಂಗ್ಲಿಷ್ ಅಕ್ಷರ ಅದಾವ್ರಿ. ಗಿಡ ಇಲ್ಲ. ಜೋಡಿ ಅಂದಮ್ಯಾಲೆ ಒಬ್ಬನ ಕೈದೇ ಇರ್ತದ. ಇದು ಇವ್ರದಲ್ಲ.”

ಜಮಾದಾರರು ದೂರಿನ ಹಾಳೆ ಮಡಚಿದರು. ಪಾತ್ರೆಯವಳಿಗೆ, “ಏಳಬೇ, ಹೋಗು,” ಅಂದರು, ತಾನೇ ಬಂದು ಕುಂತವಳಿಗೆ ಹೇಳುವ ಹಾಗೆ.

ಹೊರಗೆ ಬೇವಿನ ಗಿಡದ ಕೆಳಗೆ ಅವಳನ್ನು ಕೂಗಿದೆ. “ನಾಳಿ ಬರ್ತೀಯಲ್ಲ?” ಅಂದುಬಿಟ್ಟೆ.

ಅವಳು ಮುಂಗೈಯ ಬೂದಿಯನ್ನು ಸೆರಗಿನಿಂದ ಒರೆಸಿಕೊಂಡಳು. “ಅಕ್ಕೋರ, ಗಿಡ ಇಲ್ಲಂತ ನನ್ನ ಬಿಟ್ರು. ಆ ಫೋಟೊದಾಗ ಗಿಡ ಇದ್ದಿದ್ರ?”

ಇದ್ದಿದ್ದರೂ ಅದು ಬಳೆ ನಮ್ಮದೆಂದಷ್ಟೇ ಹೇಳುತ್ತಿತ್ತು, ಕದ್ದವರು ಯಾರೆಂದಲ್ಲ. ಅದು ನನಗೆ ಆಗ ಹೊಳೆಯಿತು. ಅವಳಿಗೆ ಬೆಳಿಗ್ಗೆಯಿಂದಲೇ ಗೊತ್ತಿತ್ತು. ಗಿಡ ಇದ್ದಿದ್ದರೆ ನಾನು ಸಹಿ ಹಾಕಿಬಿಡುತ್ತಿದ್ದೆ.

ಅವಳು ಮತ್ತೆ ಬರಲಿಲ್ಲ. ಕಳೆದ ಬಳೆಯೂ ಸಿಗಲಿಲ್ಲ. ಉಳಿದ ಒಂಟಿ ಬಳೆಯನ್ನು ನಾನು ಇವತ್ತಿಗೂ ಕೈಗೆ ಹಾಕಿಕೊಂಡಿಲ್ಲ.