ತಳದ ಸೊಟ್ಟ ಸ್ಕ್ರೂ

ಮರದ ಸಂದೂಕ ತನ್ನ ಮುತ್ತಜ್ಜಿಯದೆಂದು ತುಳಜಾಬಾಯಿಯ ಗಂಡ ದತ್ತಪ್ಪ ಸಾಯುವತನಕ ಹೇಳಿದ್ದ. ಗುಜರಿ ಮಾಲೆಂದು ನಾದಿನಿ ನಕ್ಕಿದ್ದಳು. ಗಂಡನ ಮಾತು ಸುಳ್ಳಾಗಬಾರದೆಂದು ತುಳಜಾಬಾಯಿ ಅದನ್ನು ಕಮಲಾಪುರದಿಂದ ಕಲಬುರಗಿಯ ಶಹಾಬಜಾರಕ್ಕೆ ತೋರಿಸಲು ತಂದಳು.

ಹಳೆ ಮರಸಾಮಾನಿನ ಬಡಗಿ ಇಮಾಮುದ್ದೀನ್ ಸಂದೂಕವನ್ನು ಕೂಸಿನಂತೆ ಮಗ್ಗುಲಾಗಿಸಿದ. ಬಿಸಿಲಕೋಲಿನಲ್ಲಿ ಮರದ ಧೂಳು ಕನಸಿನಂತೆ ತೇಲಿತು.

"ತಳದಾಗ ಗರಗಸದ ಗೆರಿ ಬಿಲ್ಲಿನಂಗ ಬಾಗ್ಯಾವ ಅಕ್ಕಾರ. ಮಷೀನ್ ಕೊಯ್ದದ್ದು. ಸ್ಕ್ರೂನೂ ಹೊಸಾವು."

ನಾದಿನಿಯ ಮಾತೇ ನಿಜವಾಯಿತೆಂದು ಅವಳು ಸಂದೂಕ ವಾಪಸ್ ಒಯ್ಯಲು ಎದ್ದಳು.

"ತಡೀರಿ, ಮೂಲಿ ನೋಡ್ರಿ. ಹಲಗಿ ಜೋಡಿಸಿದ ಹಲ್ಲು ಒಂದರಂಗ ಒಂದಿಲ್ಲ, ಕೈಲೇ ಕೊರದಾರ. ಕಮ್ಮಾರ ಬಡದ ಚೌಕ ಮೊಳಿ. ಸಂದೂಕ ಮುತ್ತಜ್ಜಿ ಕಾಲದ್ದೇ. ತಳ ಅಷ್ಟೇ ಯಾವನೋ ಬದಲಿ ಮಾಡ್ಯಾನ. ಸ್ಕ್ರೂ ಎಲ್ಲಾ ಸೊಟ್ಟ, ದಡ್ಡ!"

ತುಳಜಾಬಾಯಿ ನಕ್ಕಳು. ದತ್ತಪ್ಪ ಮೊಳೆ ಬಡಿದರೂ ಸ್ಕ್ರೂ ತಿರುಗಿಸಿದರೂ ಸೊಟ್ಟಗೇ ಹೋಗುತ್ತಿತ್ತು.

"ನೆಟ್ಟಗ ಮಾಡ್ಲೇನ್ರಿ?"

"ಬ್ಯಾಡ್ರಿ ಚಾಚಾ. ಹಂಗೇ ಇರ್ಲಿ," ಎಂದು ಅವಳು ಸೊಟ್ಟ ಸ್ಕ್ರೂ ಸವರಿದಳು.