ರೈಲ್ವೆ ನಲ್ಲಿಯೂ ನನ್ನ ಗುಡುಗೂ

ಎಪ್ಪತ್ತರ ದಶಕದ ಕೊನೆಗೆ ಮುಂಬಯಿ ಹತ್ತಿರದ ಕಲ್ಯಾಣದ ಕೋರ್ಟಿನಲ್ಲಿ ನಾನು ಹೊಸ ವಕೀಲ. ಕೋಟು ಹಳೆಯದು, ಜಂಬ ಮಾತ್ರ ಹೊಚ್ಚ ಹೊಸದು. ಕಕ್ಷಿದಾರರು ಕಲ್ಯಾಣದಲ್ಲೇ ಹೋಟೆಲಿಟ್ಟಿದ್ದ ಕುಂದಾಪುರ ಕಡೆಯವರು. ಅವರ ಹೋಟೆಲಿನಲ್ಲಿ ಇಡ್ಲಿ ತಿಂದ ರೈಲ್ವೆ ರಕ್ಷಣಾ ದಳದವನೊಬ್ಬ ಕೈ ತೊಳೆಯುವಾಗ ಹಿತ್ತಾಳೆ ನಲ್ಲಿಯ ಮೇಲೆ ರೈಲ್ವೆ ಮುದ್ರೆ ಕಂಡು, ಕದ್ದ ಮಾಲೆಂದು ಕೇಸು ಹಾಕಿದ್ದ.

“ಗುಜರಿಯವ ರೈಲ್ವೆ ಹರಾಜಲ್ಲಿ ತಕೊಂಡದ್ದು, ನಾನು ಅವನತ್ರ ತಕೊಂಡೆ. ಅವನನ್ನ ಕರ್ಕೊಂಡು ಬರ್ಲಾ?” ಎಂದರು ಹೋಟೆಲಿನವರು.

“ಬೇಡ. ಇದು ಕ್ರಿಮಿನಲ್ ಕೇಸು. ಸಂಶಯಕ್ಕೆ ಎಡೆಯಿಲ್ಲದ ಹಾಗೆ ಸಾಬೀತು ಮಾಡೋದು ಅವರ ಕೆಲಸ. ನೀವು ಬಾಯಿ ಮುಚ್ಚಿ ಕೂತ್ಕೊಳ್ಳಿ.”

ಕೋರ್ಟಿನಲ್ಲೂ ಅದನ್ನೇ ಗುಡುಗಿದೆ. ಮ್ಯಾಜಿಸ್ಟ್ರೇಟರು ತಾಳ್ಮೆಯಿಂದ ಹೇಳಿದರು: “ಮಾಲು ರೈಲ್ವೆಯದು, ಕದ್ದದ್ದೆಂದು ಸಂಶಯಪಡಲು ಕಾರಣವಿದೆ, ಇವರ ಬಳಿ ಸಿಕ್ಕಿದೆ. ಇಷ್ಟನ್ನು ರೈಲ್ವೆಯವರು ಸಾಬೀತು ಮಾಡಿದ್ದಾರೆ. ನ್ಯಾಯವಾಗಿ ಬಂತೆಂದು ತೋರಿಸುವ ಹೊರೆ ರೈಲ್ವೆ ಸೊತ್ತಿನ ಈ ಕಾಯಿದೆಯಲ್ಲಿ ನಿಮ್ಮದು.”

ಗುಡುಗು ನಿಂತಿತು. ಸಾಕ್ಷಿ ತರಲು ಅವಕಾಶ ಬೇಡಿಕೊಂಡೆ.

ಮುಂದಿನ ಸಲ, ಸಂಶಯಕ್ಕೆ ಎಡೆಯೇ ಇರಬಾರದೆಂದು, ಗುಜರಿಯವನ ಜೊತೆಗೆ ಹೋಟೆಲಿನ ಅರ್ಧ ಗಿರಾಕಿಗಳನ್ನೂ ಎಳೆದು ತಂದೆ. ಗುಜರಿಯವನ ಸಾಕ್ಷಿ ಮುಗಿಯುತ್ತಲೇ ಮ್ಯಾಜಿಸ್ಟ್ರೇಟರು ಕೈಯೆತ್ತಿದರು: “ಸಾಕು. ಸಂಶಯಾತೀತ ಪುರಾವೆಯ ಹೊರೆ ಅವರಿಗೆ ಮಾತ್ರ. ನಿಮಗೆ ಸಿವಿಲ್ ದಾವೆಯ ಅಳತೆ ಸಾಕು, ನಿಮ್ಮ ಮಾತು ನಿಜವಿರುವ ಸಂಭವ ಹೆಚ್ಚೆಂದು ಕಂಡರಾಯಿತು.”

ಬಿಡುಗಡೆಯಾಯಿತು. ಹೊರಗೆ ಹೊಗಳಿಕೆಗೆ ಕಾಯುತ್ತ ನಿಂತೆ.

“ವಕೀಲ್ರೇ,” ಎಂದರು ಹೋಟೆಲಿನವರು, “ಅವತ್ತು ಬಾಯಿ ಮುಚ್ಚಿ ಕೂರ್ಬೇಕಾದ್ದು ನಾನಲ್ಲ ಮಾರಾಯ್ರೆ.”