ಎರಡೂ ಒಂದೇ ಬಂತು

ಮತ್ತಿಗಿರಿಯಲ್ಲಿ ಪೈಪು, ಪೇಂಟು ಮಾರುವ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸು ಇತ್ತು. ಗುಲಾಬಿ ಬೆಳೆಯುವ ಪಾಲಿಹೌಸ್, ಅಂದರೆ ಪ್ಲಾಸ್ಟಿಕ್ ಹೊದಿಕೆಯ ಮನೆಗಳಿಗೆ ಕಂಟ್ರೋಲ್ ಡಬ್ಬ ಮಾಡುವ ಸಣ್ಣ ಕಂಪನಿ ಅದು. ಒಳಗೆ ಬಿಸಿಯಾದರೆ ಡಬ್ಬವೇ ಮೋಟರು ಓಡಿಸಿ ಪಕ್ಕದ ಪರದೆಗಳನ್ನು ಮೇಲಕ್ಕೆ ಸುತ್ತುತ್ತದೆ, ಚಳಿಯಾದರೆ ಇಳಿಸುತ್ತದೆ. ಆ ಡಬ್ಬದೊಳಗಿನ ಪ್ರೋಗ್ರಾಂ ಬರೆಯುತ್ತಿದ್ದವರು ಇಬ್ಬರೇ: ನಾನು, ಮತ್ತೆ ನನಗಿಂತ ಹತ್ತಾರು ವರ್ಷ ದೊಡ್ಡವರಾದ ಒಬ್ಬ ಅಕ್ಕ. ಹೆಸರು ಹಿಡಿದು ಕರೆದದ್ದೇ ಇಲ್ಲ, ಮೊದಲ ದಿನದಿಂದಲೂ ನನಗೆ ಅವರು ಅಕ್ಕ.

ಕೆಲಸ ಅಂದರೇನು ಅಂತ ಕಲಿಸಿದವರು ಅವರೇ. ನಾನು ಸೇರಿದ ಹೊಸದರಲ್ಲಿ ಒಂದೇ ಕೋಡನ್ನು ನನ್ನ ಲ್ಯಾಪ್‌ಟಾಪಿನಲ್ಲಿ ಬಿಲ್ಡ್ ಮಾಡಿದರೆ, ಅಂದರೆ ಡಬ್ಬಕ್ಕೆ ಹಾಕುವ ಫೈಲಾಗಿ ಮಾಡಿದರೆ, ಒಂದು ಫೈಲು, ಮೂಲೆಯ ಡೆಸ್ಕ್‌ಟಾಪಿನಲ್ಲಿ ಮಾಡಿದರೆ ಇನ್ನೊಂದು ಫೈಲು ಬರುತ್ತಿತ್ತು. ನೋಡೋಕೆ ಎರಡೂ ಓಡುತ್ತಿದ್ದವು, ನಾನು ಸುಮ್ಮನಿದ್ದೆ. ಅಕ್ಕ ಬಿಡಲಿಲ್ಲ.

"ರೈತ್ರ ಮನೆಗೆ ಹೋಗಿರೋದು ಯಾವುದು, ನಾವು ಟೆಸ್ಟ್ ಮಾಡಿರೋದು ಯಾವುದು ಅಂತ ಹೆಂಗೆ ಹೇಳ್ತೀಯಾ? ಓಡ್ತೈತೆ ಅನ್ನೋದು ಸಾಕ್ಷಿ ಅಲ್ಲ ಕಣೆ."

ಇಬ್ಬರೂ ಕೂತು ಒಂದೊಂದೇ ವ್ಯತ್ಯಾಸ ಹುಡುಕಿ ತೆಗೆದೆವು. ಹಾಗೆ ಬಿಲ್ಡ್ ಮಾಡಿಕೊಡುವ ಕಂಪೈಲರ್ ಯಾವ ಆವೃತ್ತಿ ಅಂತ ಗೊತ್ತುಮಾಡಿ, ಅದೊಂದನ್ನೇ ಎರಡೂ ಕಡೆ ಹಾಕಿದೆವು. ಬಿಲ್ಡ್ ಮಾಡಿದ ಹೊತ್ತು ಫೈಲಿನೊಳಗೆ ಸೇರುತ್ತಿತ್ತು. ಅದರ ಬದಲು ಕೋಡು ಕೊನೆಯದಾಗಿ ಬದಲಾದ ಹೊತ್ತು ಸೇರುವಂತೆ ಮಾಡಿದೆವು. ಫೋಲ್ಡರಿನ ಹೆಸರೂ ಒಳಗೆ ಹೋಗುತ್ತಿತ್ತು, ಅದನ್ನೂ ಅಳಿಸಿದೆವು. ಹೊರಗಿನವರು ಬರೆದಿಟ್ಟ ಸಿದ್ಧ ಕೋಡು, ಅಂದರೆ ಲೈಬ್ರರಿಗಳನ್ನು ನಾವು ಬಳಸುತ್ತಿದ್ದೆವು. ಯಾವ ಲೈಬ್ರರಿಯ ಯಾವ ಆವೃತ್ತಿ, ಅದರ ಹ್ಯಾಶ್ ಏನು ಅನ್ನುವುದೆಲ್ಲ ಒಂದು ಲಾಕ್ ಫೈಲಿನಲ್ಲಿ ಬರೆದಿಟ್ಟೆವು. ಹ್ಯಾಶ್ ಅಂದರೆ ಫೈಲಿನ ಹೆಬ್ಬೆಟ್ಟಿನ ಗುರುತು ಇದ್ದಹಾಗೆ, ಒಂದು ಬಿಟ್ ಬದಲಾದರೂ ಅದು ಪೂರ್ತಿ ಬದಲಾಗುತ್ತದೆ. ಕಡೆಗೊಂದು ಮಧ್ಯಾಹ್ನ ಎರಡು ಮಷೀನುಗಳ ಹ್ಯಾಶೂ ಅಕ್ಷರಕ್ಕೆ ಅಕ್ಷರ ಒಂದೇ ಬಂದಾಗ ಅಕ್ಕ ಕೆಳಗಿನ ಅಂಗಡಿಯಿಂದ ಬೋಂಡ ತರಿಸಿದರು. ಅವತ್ತಿಂದ ಒಂದು ಕಟ್ಟಳೆ: ಎರಡೂ ಕಡೆ ಬಿಲ್ಡ್ ಮಾಡಬೇಕು, ಎರಡೂ ಒಂದೇ ಬರಬೇಕು, ಆಮೇಲೇ ಅದು ರೈತರ ಡಬ್ಬಗಳಿಗೆ ಹೋಗಬೇಕು.

ನಮ್ಮೂರು ಇರುವುದು ತಳಿ ಪೇಟೆಯ ಕಡೆ. ನಮ್ಮ ಚಿಕ್ಕಪ್ಪ ರಾಗಿ ಹೊಲದ ಒಂದು ಮಗ್ಗುಲಲ್ಲಿ ಪಾಲಿಹೌಸ್ ಹಾಕಿ ಗುಲಾಬಿ ಇಟ್ಟಿದ್ದರು. ನಮ್ಮ ಡಬ್ಬವನ್ನು ಅವರಿಗೆ ಹಾಕಿಸಿದ್ದು ನಾನೇ. ಅವರ ಮಗಳ ಮದುವೆ ಡೆಂಕಣಿಕೋಟೆಯ ಛತ್ರದಲ್ಲಿ. ನಾನು ಒಂದು ವಾರ ರಜೆ ಹಾಕಿ, ಲ್ಯಾಪ್‌ಟಾಪನ್ನೂ ಜೊತೆಗೇ ತಂದು, ಊರಿನಲ್ಲಿದ್ದೆ. ನಾನು ಬರೆದ ಒಂದು ಬದಲಾವಣೆ, ಗಿಡಗಳ ಮೇಲೆ ಮಂಜಿನಂತೆ ನೀರು ಚಿಮ್ಮಿಸುವ ಹೊತ್ತಿನ ಲೆಕ್ಕ, ಆ ವಾರ ಸಿಮ್ ಮೂಲಕ ಎಲ್ಲ ಡಬ್ಬಗಳಿಗೂ ಹೋಗಬೇಕಿತ್ತು. ಚಪ್ಪರದ ದಿನ ಅಕ್ಕನ ಫೋನು ಬಂತು.

"ಕಳಿಸ್ಬುಟ್ಟೆ ಕಣೆ. ನೀನು ನೆಮ್ಮದಿಯಾಗಿ ಮದುವೆ ಮುಗಿಸ್ಕೊಂಡು ಬಾ."

"ಹ್ಯಾಶ್ ನೋಡಿದ್ರಾ ಅಕ್ಕ?"

"ನೋಡ್ದೆ. ಎರಡೂ ಒಂದೇ ಬಂತು."

ಎರಡನೇ ಮಷೀನು ನನ್ನ ಲ್ಯಾಪ್‌ಟಾಪು, ಅದು ನನ್ನ ಬ್ಯಾಗಿನಲ್ಲೇ ಇತ್ತು. ಬೇರೆ ಯಾವುದೋ ಮಷೀನಿನಲ್ಲಿ ಮಾಡಿರುತ್ತಾರೆ ಅಂದುಕೊಂಡೆನೋ, ಅಥವಾ ಏನೂ ಅಂದುಕೊಳ್ಳಲಿಲ್ಲವೋ. ಅವರು ಹೇಳಿದ ಮೇಲೆ ಮುಗಿಯಿತು.

ಮದುವೆ ದಿನ ಊಟದ ಪಂಕ್ತಿಯಲ್ಲಿ ಯಾರೋ ಚಿಕ್ಕಪ್ಪನನ್ನು, ಎಲ್ಲಾರೂ ಇಲ್ಲಿದ್ದೀರಲ್ಲ, ಹೂವು ಯಾರು ನೋಡ್ಕೋತವ್ರೆ ಅಂತ ಕೇಳಿದರು. ಚಿಕ್ಕಪ್ಪ ನನ್ನ ಕಡೆ ಕೈ ತೋರಿಸಿ, "ನಮ್ ಹುಡುಗಿ ಮಾಡಿರೋ ಡಬ್ಬ ನೋಡ್ಕೊತೈತೆ" ಅಂದರು. ನಾನು ನಾಚಿಕೊಂಡು ಪಾಯಸಕ್ಕೆ ಕೈ ಹಾಕಿದೆ.

ಸಂಜೆ ಮನೆಗೆ ಹೋದಾಗ ಪರದೆಗಳು ಬೆಳಿಗ್ಗೆ ಇದ್ದಂತೆಯೇ ಇಳಿದಿದ್ದವು. ಒಳಗೆ ಕಾಲಿಟ್ಟರೆ ಮುಖಕ್ಕೆ ಒಲೆಯ ಝಳ ಹೊಡೆದಹಾಗೆ ಆಯಿತು. ಮೊಗ್ಗುಗಳೆಲ್ಲ ಕತ್ತು ಬಾಗಿಸಿದ್ದವು, ದಳದ ಅಂಚು ಕಂದಿಹೋಗಿತ್ತು. ಚಿಕ್ಕಪ್ಪ ಯಾರನ್ನೂ ಬಯ್ಯಲಿಲ್ಲ. ಹ್ಯಾಂಡಲು ತಿರುಗಿಸಿ ಪರದೆ ಎತ್ತಿದರು, ಡಬ್ಬದ ಸ್ವಿಚ್ಚು ಆರಿಸಿದರು, ಹೊಸ ಪಂಚೆಯಲ್ಲೇ ಬದುವಿನ ಮೇಲೆ ಕೂತುಬಿಟ್ಟರು.

ಅಲ್ಲಿಂದಲೇ ಅಕ್ಕನಿಗೆ ಫೋನು ಮಾಡಿದೆ. ನೋಡ್ತೀನಿ ಅಂದರು. ಮಾರನೇ ದಿನ ಆಫೀಸಿಗೆ ಹೋದರೆ, ಕಂಪನಿಯ ಓನರ್ ಸಾರ್ ರೂಮಿನಲ್ಲಿ ಅಕ್ಕ ಆಗಲೇ ಕೂತಿದ್ದರು. ಸಾರ್ ಮನೆಮಾತು ತಮಿಳು, ನಮ್ಮ ಜೊತೆ ಕನ್ನಡವನ್ನೇ ಆಡುತ್ತಿದ್ದರು.

"ಹೊಸ ಬದಲಾವಣೆ ನಿಂದು ಒಂದೇ ಮಾ. ಬೇರೆ ಏನೂ ಮಾರಿಲ್ಲ," ಅಂದರು. ಮಾರಿಲ್ಲ ಅಂದರೆ ಬದಲಾಗಿಲ್ಲ ಅಂತ, ಅವರ ಮಾತು ಹಾಗೆ.

ನಾನು ಅಕ್ಕನ ಮುಖ ನೋಡಿದೆ. ಅಕ್ಕ ಮೆಲ್ಲಗೆ, "ಕೋಡು ನಾನೂ ನೋಡ್ದೆ. ನಿಂದೇ ಇರ್ಬೇಕು ಅನ್ನಿಸ್ತೈತೆ. ಬೇಜಾರ್ ಮಾಡ್ಕೋಬೇಡ, ಎಲ್ಲಾರ್ಗೂ ಆಗ್ತದೆ" ಅಂದರು.

ನಂಬಿದೆ. ಅವರು ಹೇಳಿದ್ದರಿಂದ ನಂಬಿದೆ. ಬಸ್ಸು ಹತ್ತಿ ವಾಪಸ್ ತಳಿಗೆ ಹೋಗಿ, ಮದುವೆಗೆ ಬಂದ ನೆಂಟರು ಇನ್ನೂ ಇರುವಾಗಲೇ, ಚಿಕ್ಕಪ್ಪನ ಮುಂದೆ ನಿಂತು, "ತಪ್ಪು ನಂದೇ ಚಿಕ್ಕಪ್ಪ, ಆಫೀಸಲ್ಲಿ ಅಕ್ಕ ನೋಡಿ ಹೇಳಿದ್ರು" ಅಂದೆ. ಚಿಕ್ಕಮ್ಮ ಒಳಗೆ ಎದ್ದುಹೋದರು. ಚಿಕ್ಕಪ್ಪ, "ಹೋಗ್ಲಿ ಬುಡಮ್ಮ" ಅಂದರು, ಆದರೆ ನನ್ನ ಕಡೆ ನೋಡಿ ಅನ್ನಲಿಲ್ಲ. ಡಬ್ಬ ಬಿಚ್ಚಿಕೊಂಡು ಮತ್ತಿಗಿರಿಗೆ ತಂದೆ.

ತಪ್ಪು ಎಲ್ಲಿದೆ ಅಂತ ಎಷ್ಟು ಹುಡುಕಿದರೂ ಸಿಗಲಿಲ್ಲ. ಬೆಳಗಿನ ಇಬ್ಬನಿಗೆ, ಬಿಸಿ ಅಳೆಯುವ ಸೆನ್ಸರಿನ ವೈರು ನೆನೆದು ಅದರ ಓದು, ಅಂದರೆ ರೀಡಿಂಗು, ನಿಂತಿರಬಹುದು ಅನ್ನಿಸಿತು. ಅದು ಹೊಸದಲ್ಲ, ಸೆನ್ಸರ್ ಓದು ಸಿಗದಿದ್ದರೆ ಅದನ್ನು ಓದುವ ಲೈಬ್ರರಿ 'ತಪ್ಪು' ಅಂತ ಹೇಳುತ್ತದೆ, ಆಗ ನಮ್ಮ ಕೋಡು ಯಾವುದಕ್ಕೂ ಇರಲಿ ಅಂತ ಪರದೆ ಎತ್ತಿಬಿಡುತ್ತದೆ. ಹಾಗೆ ಬರೆದದ್ದು ಅಕ್ಕನೇ. ಮೇಜಿನ ಮೇಲೆ ಒಂದು ಡಬ್ಬಕ್ಕೆ ಅದೇ ಕೋಡನ್ನು ಬಿಲ್ಡ್ ಮಾಡಿ ಹಾಕಿ ಸೆನ್ಸರ್ ವೈರು ಕಿತ್ತೆ. ಮೋಟರು ಪರದೆ ಎತ್ತುವ ಕಡೆಗೇ ತಿರುಗಿತು. ಚಿಕ್ಕಪ್ಪನ ಡಬ್ಬಕ್ಕೂ ಹಾಗೇ ಕಿತ್ತೆ. ಮೋಟರು ಅಲ್ಲಾಡಲಿಲ್ಲ. ಡಬ್ಬದ ಸ್ಕ್ರೀನಿನ ಮೇಲೆ ವೈರು ಕೀಳುವ ಮುಂಚಿನ ಓದೇ ನಿಂತಿತ್ತು.

ಎರಡು ಡಬ್ಬವೂ ತೋರಿಸುತ್ತಿದ್ದ ಕೋಡಿನ ಆವೃತ್ತಿ ಸಂಖ್ಯೆ ಒಂದೇ. ಚಿಕ್ಕಪ್ಪನ ಡಬ್ಬದ ಚಿಪ್‌ನಿಂದ ಪ್ರೋಗ್ರಾಂ ಓದಿ ತೆಗೆದು ಹ್ಯಾಶ್ ನೋಡಿದೆ. ಬೇರೆ ಬಂತು.

ಮೊದಲು ನನ್ನನ್ನೇ ಅನುಮಾನಿಸಿದೆ. ಪ್ರೋಗ್ರಾಂ ಮುಗಿದ ಮೇಲಿನ ಖಾಲಿ ಜಾಗವನ್ನೂ ಸೇರಿಸಿ ಓದಿದೆನೇನೋ ಅಂತ ಅಳತೆ ಸರಿಯಾಗಿ ಕತ್ತರಿಸಿ ಮತ್ತೆ ನೋಡಿದೆ. ಮೂಲೆಯ ಮಷೀನಿನಲ್ಲಿ ಬಿಲ್ಡ್ ಮಾಡಿದೆ, ನನ್ನದರಲ್ಲಿ ಮಾಡಿದೆ, ಬೇರೆ ಫೋಲ್ಡರಿನಲ್ಲಿ ಮಾಡಿದೆ. ನಮ್ಮವೆಲ್ಲ ಒಂದೇ. ಡಬ್ಬದ್ದು ಮಾತ್ರ ಬೇರೆ. ಕೋಡು ಒಂದೇ ಆಗಿ ಫೈಲು ಬೇರೆ ಅಂದರೆ, ಬಿಲ್ಡ್ ಮಾಡಿದ ಸಾಮಾನು ಬೇರೆ: ಬೇರೆ ಕಂಪೈಲರ್, ಇಲ್ಲ ಬೇರೆ ಲೈಬ್ರರಿ.

ಮೂಲೆಯ ಮಷೀನಿನ ಪವರ್ ಸಪ್ಲೈ ಹೊಸದಾಗಿ ಹೊಳೆಯುತ್ತಿದ್ದುದು ಆಗ ಕಣ್ಣಿಗೆ ಬಿತ್ತು. ನಾನು ರಜೆಯಲ್ಲಿದ್ದಾಗ ಸುಟ್ಟುಹೋಗಿತ್ತು, ಮದುವೆ ದಿನವಷ್ಟೇ ಹೊಸದು ಹಾಕಿದರು ಅಂತ ಆಫೀಸು ಗುಡಿಸುವ ಆಂಟಿ ಹೇಳಿದರು. ಹಾಗಿದ್ದರೆ ಚಪ್ಪರದ ದಿನ ಆಫೀಸಿನಲ್ಲಿ ಓಡುತ್ತಿದ್ದ ಮಷೀನು ಒಂದೇ, ಅಕ್ಕನಿಗೆ ಆಗಷ್ಟೇ ಬಂದಿದ್ದ ಹೊಸ ಲ್ಯಾಪ್‌ಟಾಪು. ಅದರಲ್ಲಿದ್ದದ್ದು ಹೊಸ ಕಂಪೈಲರ್.

ಬೇಡ ಬೇಡ ಅಂದುಕೊಳ್ಳುತ್ತಲೇ ಅದೇ ಆವೃತ್ತಿಯ ಕಂಪೈಲರನ್ನು ನನ್ನ ಮಷೀನಿನಲ್ಲಿ ಬೇರೆಯಾಗಿ ಹಾಕಿಕೊಂಡೆ. ಬಿಲ್ಡ್ ಆಗಲಿಲ್ಲ, ಸೆನ್ಸರ್ ಲೈಬ್ರರಿಯ ಒಂದು ಹಳೇ ಸಾಲನ್ನು ಹೊಸ ಕಂಪೈಲರ್ ಒಪ್ಪಲಿಲ್ಲ. ಲಾಕ್ ಫೈಲು ಅಳಿಸಿದೆ. ಅದು ಇಲ್ಲದಿದ್ದರೆ ಎಲ್ಲ ಲೈಬ್ರರಿಗಳೂ ಇರುವುದರಲ್ಲಿ ಹೊಸವೇ ಬರುತ್ತವೆ. ಬಂದವು. ಬಿಲ್ಡ್ ಸಲೀಸಾಗಿ ಆಯಿತು. ಹೊಸ ಸೆನ್ಸರ್ ಲೈಬ್ರರಿಯ ಬದಲಾವಣೆಗಳಲ್ಲಿ ಬರೆದಿತ್ತು: ಇನ್ನುಮುಂದೆ ಓದು ಸಿಗದಿದ್ದರೆ ತಪ್ಪು ಅನ್ನದೆ ಕೊನೆಯ ಒಳ್ಳೆಯ ಓದನ್ನೇ ಕೊಡುತ್ತದೆ. ಅಂದರೆ ವೈರು ನೆನೆಯುವ ಮುಂಚಿನ ಬೆಳಗಿನ ಚಳಿಯ ಓದನ್ನೇ ಡಬ್ಬ ದಿನವೆಲ್ಲ ನಂಬಿತ್ತು.

ಹ್ಯಾಶ್ ತೆಗೆದೆ. ಚಿಕ್ಕಪ್ಪನ ಡಬ್ಬದ ಹ್ಯಾಶಿನ ಪಕ್ಕ ಇಟ್ಟೆ. ಅಕ್ಷರಕ್ಕೆ ಅಕ್ಷರ ಒಂದೇ.

ಹಿಂದೊಮ್ಮೆ ಎರಡು ಹ್ಯಾಶ್ ಹೀಗೆ ಕೂಡಿದಾಗ ನಾವಿಬ್ಬರೂ ಕುಣಿದಿದ್ದೆವು. ಈಗ ಒಬ್ಬಳೇ ಎರಡನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡೆ. ಆದರೂ ಅಕ್ಕನಿಗೆ ಗೊತ್ತಿಲ್ಲದೆ ಆಗಿರಬಹುದು ಅಂತ ಮನಸ್ಸು ಇನ್ನೂ ವಾದಿಸುತ್ತಿತ್ತು. ಡಬ್ಬಗಳು ಸಿಮ್ ಮೂಲಕ ಸರ್ವರಿಗೆ ಕಳಿಸುವ ಮಾಹಿತಿ ತೆಗೆದು ನೋಡಿದೆ. ಮಿಕ್ಕ ಎಲ್ಲ ಡಬ್ಬಗಳಲ್ಲೂ ಸರಿಯಾದ ಪ್ರೋಗ್ರಾಮೇ ಇತ್ತು. ಎಲ್ಲಕ್ಕೂ ಅದು ಹೋಗಿದ್ದು ಮದುವೆ ದಿನ ಸಂಜೆ, ನಾನು ಫೋನು ಮಾಡಿದ ಮೇಲೆ. ಚಿಕ್ಕಪ್ಪನದೊಂದೇ ಸ್ವಿಚ್ಚು ಆರಿಸಿತ್ತು, ಅದಕ್ಕೆ ಹೋಗಿರಲಿಲ್ಲ.

ಅಂದರೆ ಮಾರನೇ ದಿನ ಸಾರ್ ರೂಮಿನಲ್ಲಿ ಕೂತು, ನಿಂದೇ ಇರ್ಬೇಕು ಅಂದಾಗ ಅವರಿಗೆ ಎಲ್ಲ ಗೊತ್ತಿತ್ತು.

ಊಟದ ಹೊತ್ತಿಗೆ ಅಕ್ಕ ತಾರಸಿಯ ಮೇಲೆ ಡಬ್ಬಿ ಬಿಚ್ಚಿ, ನನಗೆ ಅಂತ ಎರಡು ರೊಟ್ಟಿ ಬೇರೆ ಇಟ್ಟಿದ್ದರು. ಎರಡು ಹ್ಯಾಶನ್ನೂ ಬರೆದ ಚೀಟಿ ಮುಂದಿಟ್ಟೆ. ಅವರು ಏನು ಅಂತಲೂ ಕೇಳಲಿಲ್ಲ. ಓದಿ, ಮಡಚಿ, ಡಬ್ಬಿಯ ಕೆಳಗೆ ಇಟ್ಟರು.

"ನಂಗೆ ಫೋನ್ ಮಾಡಿದ್ರೆ ಊರಲ್ಲೇ ಬಿಲ್ಡ್ ಮಾಡಿ ಕಳಿಸ್ತಿದ್ನಲ್ಲ ಅಕ್ಕ."

"ಮೂಲೆ ಮಷೀನ್ ಸುಟ್ಟೋಗೈತೆ ಅಂದ್ರೆ, ಅದು ಬರೋಗಂಟ ತಡೀರಿ ಅಂತಿದ್ದೆ ನೀನು. ಸಾರ್ ಅವತ್ತೇ ಕಳಿಸು ಅಂತಿದ್ರು."

"ತಡೀರಿ ಅನ್ನೋದ್ನ ಕಲ್ಸಿದ್ದು ನೀವೇ."

"ಹೂಂ."

"ಚಿಕ್ಕಪ್ಪನ ಮುಂದೆ ಹೋಗಿ ನಿಂತ್ನಲ್ಲ. ಆಗ್ಲಾದ್ರೂ ತಡೀಬೋದಾಗಿತ್ತು."

ಅಕ್ಕನ ಕಣ್ಣು ತುಂಬಿತು. "ಅವತ್ತು ಸಂಜೇನೇ ಸಾರ್‌ಗೆ ಹೇಳ್ದೆ ಕಣೆ. ಅವ್ರೇ ಅಂದ್ರು, ಆ ರೈತ್ರು ಅವಳ ಕಡೆಯೋರು, ಅವಳು ಹೋಗಿ ಕೇಳ್ಕೊಂಡ್ರೆ ಅಲ್ಲಿಗೆ ಮುಗೀತದೆ ಅಂತ. ನಿಂಗೇನು ವಯಸ್ಸೈತೆ, ನಂಗೆ ಇದು ಹೋದ್ರೆ ಇನ್ನೊಂದು ಯಾರು ಕೊಡ್ತಾರೆ?"

ಸಾರ್ ಮೇಲೆ ನನಗೆ ಅಷ್ಟು ಸಿಟ್ಟು ಬರಲಿಲ್ಲ. ಅವರಿಂದ ನಾನು ಏನನ್ನೂ ಕಲಿತಿರಲಿಲ್ಲ. ಅಕ್ಕ ಅಳುತ್ತಿದ್ದರೆ ಸಮಾಧಾನ ಮಾಡಬೇಕು ಅಂತ ಕೈ ತಾನಾಗಿ ಮುಂದೆ ಹೋಯಿತು, ಹಿಂದಕ್ಕೆ ತೆಗೆದುಕೊಂಡೆ. ರೊಟ್ಟಿ ಮುಟ್ಟಲಿಲ್ಲ.

ಅವತ್ತೇ ಸಾರ್‌ಗೆ ಹೇಳಿದೆ, ಚಿಕ್ಕಪ್ಪನಿಗೆ ನಿಜ ಹೇಳ್ತೀನಿ ಅಂತ. ಬೇಡ ಅನ್ನುವ ಮುಖ ಅವರಿಗೆ ಇರಲಿಲ್ಲ. ಡಬ್ಬಕ್ಕೆ ಸರಿಯಾದ ಪ್ರೋಗ್ರಾಂ ಹಾಕಿ, ವೈರು ಕಿತ್ತು ನೋಡಿ, ತಳಿಗೆ ಒಯ್ದೆ. ಒಣಗಿದ್ದನ್ನೆಲ್ಲ ಕತ್ತರಿಸಿ ಹಾಕಿದ್ದರು, ಗಿಡಗಳು ಬೋಳಾಗಿ ನಿಂತಿದ್ದವು. ಲಾಕ್ ಫೈಲು, ಹ್ಯಾಶು ಬಿಟ್ಟು, ಆದದ್ದನ್ನು ಸರಳವಾಗಿ ಹೇಳಿದೆ: ನಾವು ಪರೀಕ್ಷೆ ಮಾಡಿದ್ದೊಂದು, ಇಲ್ಲಿಗೆ ಬಂದದ್ದು ಇನ್ನೊಂದು, ಕಳಿಸಿದವರಿಗೆ ಅದು ಗೊತ್ತಿತ್ತು.

ಚಿಕ್ಕಪ್ಪ ಪೂರ್ತಿ ಕೇಳಿದರು. "ಅವತ್ತು ಬಂದು ನಂದೇ ತಪ್ಪು ಅಂದೆ, ನಂಬ್ದೆ. ಇವತ್ತು ಅಲ್ಲ ಅಂತೀಯಾ. ಅವ್ರು ಹೇಳವ್ರೆ ಅಂತ ಅಂದೆ ಅವತ್ತು. ಇವತ್ತು ಯಾರು ಹೇಳವ್ರೆ?"

"ಯಾರೂ ಹೇಳಿಲ್ಲ ಚಿಕ್ಕಪ್ಪ. ನಾನೇ ನೋಡ್ದೆ."

"ಆಯ್ತು ಬುಡು," ಅಂದರು. ಡಬ್ಬವನ್ನು ಮತ್ತೆ ಗೋಡೆಗೆ ಹಾಕೋಕೆ ಬಿಡಲಿಲ್ಲ. ಕೊಟ್ಟಿಗೆಯ ಅಟ್ಟದ ಮೇಲೆ ಇಟ್ಟರು. ಪರದೆಗಳನ್ನು ಈಗಲೂ ಕೈಯಲ್ಲೇ ಎತ್ತುತ್ತಾರೆ, ಎಲ್ಲಿಗೇ ಹೋದರೂ ಬಿಸಿಲೇರುವ ಮುಂಚೆ ಮನೆಗೆ ಬಂದುಬಿಡುತ್ತಾರೆ.

ನಾನು ಆ ಕೆಲಸ ಬಿಟ್ಟೆ. ಈಗ ಜೂಜುವಾಡಿಯ ಹತ್ತಿರ ಬೇರೊಂದು ಕಡೆ ಇದ್ದೇನೆ. ಅಲ್ಲಿ ಸೇರಿದ ವಾರವೇ ಒಬ್ಬರು ಬಿಲ್ಡ್ ಮಾಡಿ, ಹ್ಯಾಶ್ ಸರಿಯಾಗಿದೆ ಅಂದರು. ಒಳ್ಳೆಯವರೇ, ಸುಳ್ಳು ಹೇಳುವವರಲ್ಲ. ಆದರೂ ಅವರ ಕುರ್ಚಿಯ ಪಕ್ಕ ಹೋಗಿ ನಿಂತು, ನನ್ನ ಕಣ್ಣಾರೆ ತೋರಿಸಿ ಅಂದೆ. ಅವರು ಸ್ವಲ್ಪ ಮುಖ ಸಪ್ಪಗೆ ಮಾಡಿಕೊಂಡರು, ತೋರಿಸಿದರು.